ಒಂದು ಪ್ಯಾರಾ ಬರೆಯುವುದು ಹೇಗೆ? ಹೊಸದಾಗಿ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೈಸ್ಕೂಲಿನ ಮಕ್ಕಳಿಗೂ, ದೊಡ್ಡವರಾದ ಮೇಲೆ ಬರೆಯಲು ಕೂತವರಿಗೂ ಕನ್ನಡದಲ್ಲಿ ಬರೆಯುವುದನ್ನು ಹೇಳಿಕೊಡುತ್ತಾ ಬಂದಿದ್ದೇನೆ. ತರಗತಿಯಲ್ಲಿ, ಪತ್ರಗಳಲ್ಲಿ, ದಾರಿಯಲ್ಲಿ ಸಿಕ್ಕಾಗ ಅವರು ಕೇಳಿದ ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಉತ್ತರಗಳಲ್ಲಿ ಒಂದೇ ಉದಾಹರಣೆ ಮತ್ತೆ ಮತ್ತೆ ಬರುತ್ತದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತನ್ನೂರಿನ ಸಂತೆಯ ಬಗ್ಗೆ ಬರೆದ ಪ್ಯಾರಾ ಅದು. ಹತ್ತು ಉದಾಹರಣೆಗಳನ್ನು ಮೇಲೆ ಮೇಲೆ ನೋಡುವುದಕ್ಕಿಂತ ಒಂದನ್ನೇ ಬಿಚ್ಚಿ ಜೋಡಿಸಿ ನೋಡಿದರೆ ಕೈಗೆ ಬೇಗ ಹತ್ತುತ್ತದೆ.

## ಶುರು ಮಾಡುವ ಮೊದಲು

ಒಂದು ಪ್ಯಾರಾದಲ್ಲಿ ಎಷ್ಟು ಸಾಲು ಇರಬೇಕು ಮೇಡಂ?

ಸಾಲು ಎಣಿಸಿ ಪ್ಯಾರಾ ಮಾಡಲು ಆಗುವುದಿಲ್ಲ. ಒಂದು ಮಾತನ್ನು ಹೇಳಿ, ಓದುವವರು ಅದನ್ನು ಒಪ್ಪುವಷ್ಟು ವಿವರ ಕೊಟ್ಟು ಮುಗಿಸಿದರೆ ಅದು ಒಂದು ಪ್ಯಾರಾ. ಕಲಿಯುವವರಿಗೆ ಇದಕ್ಕೆ ಸಾಮಾನ್ಯವಾಗಿ ಐದರಿಂದ ಎಂಟು ವಾಕ್ಯ ಸಾಕಾಗುತ್ತದೆ. ಮೂರೇ ವಾಕ್ಯಕ್ಕೆ ಮುಗಿದರೆ ವಿವರ ಕಡಿಮೆಯಾಗಿದೆಯೇ ಎಂದು ನೋಡಿ. ಹನ್ನೆರಡು ದಾಟಿದರೆ ಎರಡು ಮಾತು ಒಂದರೊಳಗೆ ಸೇರಿಕೊಂಡಿರಬಹುದು. ಪುಸ್ತಕಗಳಲ್ಲಿ ಇದನ್ನು ಕಂಡಿಕೆ, ವಾಕ್ಯವೃಂದ ಎಂದೂ ಕರೆಯುತ್ತಾರೆ. ನಾನು ಎಲ್ಲರೂ ಆಡುವ ಹಾಗೆ ಪ್ಯಾರಾ ಎಂದೇ ಬರೆಯುತ್ತೇನೆ.

ಮುಖ್ಯ ವಾಕ್ಯ ಅಂದ್ರೆ ಶೀರ್ಷಿಕೆಯನ್ನೇ ವಾಕ್ಯ ಮಾಡಿ ಬರೆಯೋದು ತಾನೇ?

ಅಲ್ಲ. ಹೆಚ್ಚಿನ ಪ್ಯಾರಾಗಳು ಕೆಡುವುದು ಇಲ್ಲಿಯೇ, ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

'ನಮ್ಮೂರ ಸಂತೆ' ಎನ್ನುವುದು ವಿಷಯ. 'ನಮ್ಮೂರಿನಲ್ಲಿ ಸಂತೆ ನಡೆಯುತ್ತದೆ' ಎಂದು ಬರೆದರೆ ಅದು ವಾಕ್ಯವೇನೋ ಆಯಿತು, ಆದರೆ ವಿಷಯದಿಂದ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ನಡೆಯುತ್ತದೆ, ಸರಿ. ಅದಕ್ಕೇನೀಗ? ಆ ವಾಕ್ಯ ಓದಿದವರಿಗೆ ಕೇಳಬೇಕೆನಿಸುವ ಪ್ರಶ್ನೆ ಒಂದೂ ಹುಟ್ಟುವುದಿಲ್ಲ. ಹಾಗಾಗಿ ಬರೆಯುವವರಿಗೂ ಮುಂದೇನು ಬರೆಯಬೇಕೆಂದು ತೋಚುವುದಿಲ್ಲ.

ಮುಖ್ಯ ವಾಕ್ಯ ಎಂದರೆ ಆ ವಿಷಯದ ಬಗ್ಗೆ ನೀವು ಹೇಳುವ ಒಂದು ಮಾತು. 'ನಮ್ಮೂರ ಮಂಗಳವಾರದ ಸಂತೆಯಲ್ಲಿ ಸೊಪ್ಪಿನ ಬೆಲೆ ಹೊತ್ತು ಇಳಿದಂತೆ ಇಳಿಯುತ್ತದೆ.' ಈಗ ಓದಿದವರು ತಾವಾಗಿಯೇ ಕೇಳುತ್ತಾರೆ: ಎಷ್ಟು ಇಳಿಯುತ್ತದೆ? ಯಾಕೆ ಇಳಿಯುತ್ತದೆ? ಎಲ್ಲದರ ಬೆಲೆಯೂ ಹಾಗೆಯೇ ಇಳಿಯುತ್ತದೆಯೇ? ಈ ಪ್ರಶ್ನೆಗಳಿಗೆ ಕೊಡುವ ಉತ್ತರವೇ ಉಳಿದ ಪ್ಯಾರಾ.

ಆದ್ದರಿಂದ ಮೊದಲ ವಾಕ್ಯ ಬರೆದ ಕೂಡಲೇ ಪಕ್ಕದಲ್ಲಿ ಕೂತವರಿಗೆ ಅದನ್ನು ಓದಿ ಹೇಳಿ. ಅವರು 'ಹೌದಾ? ಹೇಗೆ?' ಎಂದರೆ ಅದು ಮುಖ್ಯ ವಾಕ್ಯ. 'ಹೂಂ' ಎಂದು ಸುಮ್ಮನಾದರೆ ನೀವು ಬರೀ ವಿಷಯವನ್ನು ಹೇಳಿದ್ದೀರಿ.

ಹೇಳೋದಕ್ಕೆ ನನ್ನ ಹತ್ರ ಏನೂ ಇಲ್ಲ ಅನ್ಸುತ್ತೆ. ಅಂಥ ವಾಕ್ಯ ಎಲ್ಲಿಂದ ತರಲಿ?

ಆ ಹುಡುಗಿಯೂ ಇದನ್ನೇ ಕೇಳಿದಳು. ಅವಳು ಮೊದಲು ಬರೆದು ತಂದದ್ದು ಹೀಗಿತ್ತು:

> ನಮ್ಮೂರಿನಲ್ಲಿ ಸಂತೆ ನಡೆಯುತ್ತದೆ. ಸಂತೆಗೆ ತುಂಬಾ ಜನ ಬರುತ್ತಾರೆ. ಅಲ್ಲಿ ಎಲ್ಲಾ ತರಕಾರಿಗಳು ಸಿಗುತ್ತವೆ. ಸಂತೆ ಮೈದಾನದ ಪಕ್ಕದಲ್ಲಿ ಹಳೆಯ ದೇವಸ್ಥಾನವಿದೆ. ಸಂತೆಯಲ್ಲಿ ಬೆಲೆ ಕಡಿಮೆ. ನನಗೆ ಸಂತೆ ಎಂದರೆ ತುಂಬಾ ಇಷ್ಟ. ಆದ್ದರಿಂದ ಎಲ್ಲರೂ ಸಂತೆಗೆ ಹೋಗಬೇಕು.

ಇದರಲ್ಲಿ ಒಂದಕ್ಷರ ಕಾಗುಣಿತ ತಪ್ಪಿಲ್ಲ. ಆದರೆ ಊರಿನ ಹೆಸರು ಬದಲಿಸದೆಯೇ ಇದನ್ನು ಯಾವ ಊರಿನವರಾದರೂ ತಮ್ಮದೆಂದು ಒಪ್ಪಿಸಬಹುದು. ನಾನು ಪುಸ್ತಕ ಮುಚ್ಚಿಟ್ಟು, 'ಸಂತೆಗೆ ನೀನು ಹೋಗ್ತೀಯಾ?' ಎಂದೆ. 'ಹೋಗ್ತೀನಿ ಮೇಡಂ, ಸಾಯಂಕಾಲ.' 'ಸಾಯಂಕಾಲ ಯಾಕೆ?' 'ಐದು ಗಂಟೆ ಮೇಲೆ ಹೋದ್ರೆ ಸೊಪ್ಪು ಅಗ್ಗ ಮೇಡಂ. ಬೆಳಿಗ್ಗೆ ಇಪ್ಪತ್ತು ರೂಪಾಯಿಗೆ ಒಂದು ಕಟ್ಟು, ಸಾಯಂಕಾಲ ಅದೇ ದುಡ್ಡಿಗೆ ಮೂರು.'

ಅವಳ ಪ್ಯಾರಾ ಅಲ್ಲಿತ್ತು. ಬರೆಯುವಾಗ ಬಾರದ್ದು ಮಾತಾಡುವಾಗ ಬಂತು. ಯಾಕೆಂದರೆ ಬರೆಯುವಾಗ ಅವಳು 'ಸಂತೆ'ಯ ಬಗ್ಗೆ ಯೋಚಿಸುತ್ತಿದ್ದಳು, ಮಾತಾಡುವಾಗ ತಾನು ಹೋಗಿ ಬಂದ ಒಂದು ಸಂಜೆಯ ಬಗ್ಗೆ. ನಿಮಗೂ ವಾಕ್ಯ ಸಿಗದಿದ್ದರೆ ಪೆನ್ನು ಕೆಳಗಿಟ್ಟು ಯಾರಿಗಾದರೂ ಎರಡು ನಿಮಿಷ ಆ ವಿಷಯ ಹೇಳಿ. ಎದುರಿಗಿರುವವರು ಯಾವ ಮಾತಿಗೆ ಕಿವಿ ನೆಟ್ಟಗೆ ಮಾಡಿದರೋ ಅದನ್ನು ಬರೆದುಕೊಳ್ಳಿ. ಅದನ್ನು ಶುದ್ಧ ವಾಕ್ಯ ಮಾಡುವ ಕೆಲಸ ಆಮೇಲಿನದು.

ಗಾದೆ ವಿಸ್ತರಣೆಯಲ್ಲಿ 'ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಅಂತ ಶುರು ಮಾಡ್ಬಾರ್ದಾ? ಟ್ಯೂಷನ್‌ನಲ್ಲಿ ಹಾಗೇ ಹೇಳಿಕೊಟ್ಟಿದ್ದಾರೆ.

ಬರೆದರೆ ತಪ್ಪೇನಿಲ್ಲ. ಆದರೆ ಅದನ್ನು ಮುಖ್ಯ ವಾಕ್ಯವೆಂದು ತಿಳಿಯಬೇಡಿ. ಆ ಸಾಲು ಗಾದೆಗಳ ಬಗ್ಗೆ ಹೇಳುತ್ತದೆ, ನಿಮಗೆ ಕೊಟ್ಟಿರುವ ಗಾದೆಯ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ. ಅದರ ಬೆನ್ನಿಗೇ 'ಗಾದೆಗಳು ಹಿರಿಯರ ಅನುಭವದ ನುಡಿಗಳು' ಎಂಬ ಇನ್ನೊಂದು ಸಾಲು ಬರುತ್ತದೆ, ಅಷ್ಟರಲ್ಲಿ ಅರ್ಧ ಜಾಗ ತುಂಬಿರುತ್ತದೆ.

'ಕೈ ಕೆಸರಾದರೆ ಬಾಯಿ ಮೊಸರು' ಎಂಬುದನ್ನೇ ತೆಗೆದುಕೊಳ್ಳಿ. ಹೆಚ್ಚಿನವರು 'ಕಷ್ಟಪಟ್ಟರೆ ಸುಖ ಸಿಗುತ್ತದೆ' ಎಂದು ಬರೆದು ನಿಲ್ಲುತ್ತಾರೆ. ಅದರ ಬದಲು, 'ಕೆಸರಿಗೂ ಮೊಸರಿಗೂ ನಡುವೆ ಕಾಯಬೇಕಾದ ದಿನಗಳಿವೆ ಎಂಬುದನ್ನು ಈ ಗಾದೆ ಬಲ್ಲದು' ಎಂದು ಶುರು ಮಾಡಿ ನೋಡಿ. ಈಗ ವಿವರ ಎಲ್ಲಿದೆ ಎಂದು ಹುಡುಕಬೇಕಾಗಿಲ್ಲ. ನಾಟಿಯ ದಿನ ಗದ್ದೆಯ ಕೆಸರಿನಲ್ಲಿ ಬಗ್ಗಿ ನಿಂತವರು ಹೊಸ ಅಕ್ಕಿಯ ಅನ್ನ ಉಣ್ಣಲು ಕೊಯ್ಲಿನವರೆಗೆ ತಿಂಗಳುಗಟ್ಟಲೆ ಕಾಯಬೇಕು. ಆ ನಡುವೆ ಕಳೆ ಕೀಳಬೇಕು, ನೀರು ಕಟ್ಟಬೇಕು, ಹಕ್ಕಿ ಓಡಿಸಬೇಕು. ಗಾದೆಯೊಳಗಿನ ಚಿತ್ರವನ್ನೇ ಹಿಡಿದರೆ ಪ್ಯಾರಾ ತಾನಾಗಿ ಸಾಗುತ್ತದೆ.

## ನಡುವಿನ ವಿವರಗಳು

ಮೊದಲ ವಾಕ್ಯ ಬರೆದಾದ ಮೇಲೆ ಅದನ್ನೇ ತಿರುಗಿಸಿ ತಿರುಗಿಸಿ ಬರೀತಾ ಇರ್ತೀನಿ. ಏನು ಮಾಡೋದು?

ಇದು ತುಂಬಾ ಜನರ ತೊಂದರೆ. 'ಸಂಜೆ ಸೊಪ್ಪು ಅಗ್ಗ. ಹೊತ್ತಾದಂತೆ ಬೆಲೆ ಕಡಿಮೆಯಾಗುತ್ತದೆ. ಬೆಳಗ್ಗೆಗಿಂತ ಸಂಜೆ ಕೊಳ್ಳುವುದು ಲಾಭ.' ಮೂರು ವಾಕ್ಯವಾಯಿತು, ಆದರೆ ಮಾತು ಒಂದೇ.

ಮೇಲಿನ ವಾಕ್ಯವನ್ನು ನಂಬದ ಒಬ್ಬರು ಎದುರಿಗೆ ಕೂತಿದ್ದಾರೆ ಎಂದುಕೊಳ್ಳಿ. 'ಅಗ್ಗ' ಎಂದು ಇನ್ನೊಮ್ಮೆ ಹೇಳಿದರೆ ಅವರು ನಂಬುವುದಿಲ್ಲ. 'ಬೆಳಗ್ಗೆ 20 ರೂಪಾಯಿಗೆ ಒಂದು, ಸಂಜೆ 20 ರೂಪಾಯಿಗೆ ಮೂರು' ಎಂದರೆ ನಂಬುತ್ತಾರೆ. ವಿವರ ಎಂದರೆ ಕಣ್ಣಿಗೆ ಕಾಣುವ, ಕೈಯಲ್ಲಿ ಎಣಿಸಬಹುದಾದ, ಇಲ್ಲವೇ 'ಯಾಕೆ' ಎಂಬುದಕ್ಕೆ ಉತ್ತರವಾಗುವ ಸಂಗತಿ.

ಇದನ್ನು ಗುರುತಿಸಲು ಸುಲಭದ ದಾರಿಯೊಂದಿದೆ. ಪ್ಯಾರಾದಲ್ಲಿ 'ತುಂಬಾ', 'ಬಹಳ', 'ಅನೇಕ', 'ಎಲ್ಲಾ', 'ಹಲವಾರು' ಎಂಬ ಪದಗಳಿಗೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ. ಈ ಪದಗಳು ಬಂದ ಕಡೆಯಲ್ಲೆಲ್ಲ ಒಂದು ವಿವರ ಬಿಟ್ಟುಹೋಗಿರುತ್ತದೆ. 'ತುಂಬಾ ಜನ' ಎಂದಲ್ಲಿ ಯಾರು, ಎಲ್ಲಿಂದ ಬಂದವರು? 'ಎಲ್ಲಾ ತರಕಾರಿ' ಎಂದಲ್ಲಿ ಯಾವುದು? ಆ ಹುಡುಗಿಯ ಮೊದಲ ಬರಹದಲ್ಲಿ ಇಂಥ ಸುತ್ತು ಮೂರು ಬಿದ್ದವು.

ವಿವರಗಳು ಇವೆ, ಆದರೆ ಯಾವುದನ್ನು ಮೊದಲು ಬರೆಯಬೇಕು, ಯಾವುದನ್ನು ಆಮೇಲೆ ಎಂದು ತಿಳಿಯುವುದಿಲ್ಲ.

ಕ್ರಮವನ್ನು ಮುಖ್ಯ ವಾಕ್ಯವೇ ಹೇಳಿಕೊಡುತ್ತದೆ. 'ಹೊತ್ತು ಇಳಿದಂತೆ' ಎಂದು ಬರೆದ ಮೇಲೆ ಬೆಳಗ್ಗೆ, ಮಧ್ಯಾಹ್ನ, ಸಂಜೆ ಎಂಬ ಕ್ರಮ ನಿಂತೇ ಹೋಯಿತು. ಒಂದು ವೇಳೆ ಅವಳು 'ಸಂತೆ ಮೈದಾನದಲ್ಲಿ ಯಾರು ಎಲ್ಲಿ ಕೂರಬೇಕೆಂಬುದು ಎಲ್ಲರಿಗೂ ಗೊತ್ತು' ಎಂದು ಶುರು ಮಾಡಿದ್ದರೆ ವಿವರಗಳು ಜಾಗದ ಕ್ರಮದಲ್ಲಿ ಬರಬೇಕಿತ್ತು: ಗೇಟಿನ ಹತ್ತಿರ, ಮರದ ಕೆಳಗೆ, ಹಿಂದಿನ ಗೋಡೆಯ ಸಾಲಿನಲ್ಲಿ. 'ಸಂತೆಗೆ ಹೋಗಲು ಮೂರು ಕಾರಣ' ಎಂದಿದ್ದರೆ ಹಗುರದ್ದು ಮೊದಲು, ಗಟ್ಟಿಯಾದದ್ದು ಕೊನೆಗೆ.

ಅವಳು ಮೂರನೇ ಸಲ ಬರೆದದ್ದನ್ನು ಇಲ್ಲಿ ಇಡುತ್ತೇನೆ. ಮುಂದಿನ ಪ್ರಶ್ನೆಗಳಿಗೂ ಇದೇ ಬೇಕಾಗುತ್ತದೆ.

> ನಮ್ಮೂರ ಮಂಗಳವಾರದ ಸಂತೆಯಲ್ಲಿ ಸೊಪ್ಪಿನ ಬೆಲೆ ಹೊತ್ತು ಇಳಿದಂತೆ ಇಳಿಯುತ್ತದೆ. ಬೆಳಗ್ಗೆ ಎಂಟಕ್ಕೆ ಹೋದರೆ ದಂಟಿನ ಸೊಪ್ಪು ಕಟ್ಟಿಗೆ 20 ರೂಪಾಯಿ. ಚೌಕಾಸಿ ಮಾಡಿದರೆ ಮಾರುವವರು ತಲೆಯನ್ನೂ ಎತ್ತುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಎಲೆ ಬಾಡತೊಡಗುತ್ತದೆ. ಆಗ ಒದ್ದೆ ಗೋಣಿಚೀಲ ಹೊದಿಸಿ, ಆಗಾಗ ನೀರು ಚಿಮುಕಿಸಿ, 15 ರೂಪಾಯಿಗೆ ಕೊಡುತ್ತಾರೆ. ಸಂಜೆ ಐದು ದಾಟಿತೆಂದರೆ ಅದೇ ಸೊಪ್ಪು 20 ರೂಪಾಯಿಗೆ ಮೂರು ಕಟ್ಟು. ಉಳಿದ ಸೊಪ್ಪು ನಾಳೆಗೆ ಬರುವುದಿಲ್ಲ, ಆರೂವರೆಯ ಬಸ್ಸು ತಪ್ಪಿದರೆ ಅವರಿಗೆ ಊರು ಸೇರಲು ಬೇರೆ ಬಸ್ಸೂ ಇಲ್ಲ. ಪಕ್ಕದ ಗುಡ್ಡೆಯ ಈರುಳ್ಳಿಯ ಬೆಲೆ ಮಾತ್ರ ಬೆಳಗ್ಗೆ ಇದ್ದಷ್ಟೇ ಸಂಜೆಯೂ ಇರುತ್ತದೆ, ಏಕೆಂದರೆ ಅದು ಮುಂದಿನ ಸಂತೆಯವರೆಗೂ ಕೆಡುವುದಿಲ್ಲ. ಅದಕ್ಕೇ ನಮ್ಮಮ್ಮ ಈರುಳ್ಳಿಯನ್ನು ಬೆಳಗ್ಗೆಯೇ ತಂದುಬಿಡುತ್ತಾಳೆ, ಸೊಪ್ಪಿಗೆ ಮಾತ್ರ ನನ್ನನ್ನು ಸಂಜೆ ಕಳಿಸುತ್ತಾಳೆ.

ಒಂಬತ್ತು ವಾಕ್ಯ. ಗೋಣಿಚೀಲ ಮತ್ತು ಬಸ್ಸು ಅವಳಿಗೆ ಎರಡನೇ ಸಲ ಬರೆಯುವಾಗ ನೆನಪಾದವು. 'ಯಾಕೆ ಇಳಿಸಿ ಕೊಡ್ತಾರೆ?' ಎಂದು ಅಂಚಿನಲ್ಲಿ ಬರೆದಿದ್ದೆ, ಅಷ್ಟೇ.

ಈ ವಾಕ್ಯ ಬೇಕು, ಈ ವಾಕ್ಯ ಬೇಡ ಅಂತ ಹೇಗೆ ಗೊತ್ತಾಗುತ್ತೆ? ನನಗೆ ಎಲ್ಲವೂ ಬೇಕು ಅನ್ನಿಸುತ್ತೆ.

ಮೊದಲ ಬರಹದಲ್ಲಿ ದೇವಸ್ಥಾನವಿತ್ತು, ಮೂರನೆಯದರಲ್ಲಿ ಇಲ್ಲ. ಅವಳಿಗೆ ಅದನ್ನು ಬಿಡಲು ಮನಸ್ಸಿರಲಿಲ್ಲ. 'ಅದು ನಿಜವಾಗ್ಲೂ ಇದೆ ಮೇಡಂ, ತುಂಬಾ ಹಳೇದು' ಎಂದಳು. ಇರಬಹುದು. ಆದರೆ ವಾಕ್ಯ ನಿಜವೇ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಸೊಪ್ಪಿನ ಬೆಲೆ ಇಳಿಯುತ್ತದೆ ಎಂಬುದನ್ನು ನಂಬಲು ದೇವಸ್ಥಾನ ಏನಾದರೂ ನೆರವಾಗುತ್ತದೆಯೇ? ಇಲ್ಲ. ಹಾಗಿದ್ದರೆ ಅದು ಈ ಪ್ಯಾರಾದ್ದಲ್ಲ.

ಈಗ ಈರುಳ್ಳಿಯನ್ನು ನೋಡಿ. ಪ್ಯಾರಾ ಸೊಪ್ಪಿನದು, ಈರುಳ್ಳಿಯ ಬೆಲೆ ಇಳಿಯುವುದೂ ಇಲ್ಲ. ಹೊಡೆದು ಹಾಕಬೇಕಲ್ಲವೇ? ಬೇಡ. ಬಾಡುವ ವಸ್ತುವಿನ ಬೆಲೆ ಇಳಿಯುತ್ತದೆ, ಬಾಡದ್ದರದು ಇಳಿಯುವುದಿಲ್ಲ ಎಂದು ಪಕ್ಕಪಕ್ಕದಲ್ಲಿ ತೋರಿಸಿದಾಗ ಕಾರಣ ಗಟ್ಟಿಯಾಗುತ್ತದೆ. ದೂರದ್ದೆಂದು ಕಂಡ ವಿವರ ಇಲ್ಲಿ ಕೆಲಸ ಮಾಡುತ್ತಿದೆ, ಹತ್ತಿರದ್ದೆಂದು ಕಂಡ ದೇವಸ್ಥಾನ ಮಾಡುತ್ತಿಲ್ಲ.

ಅನುಮಾನವಿರುವ ವಾಕ್ಯವನ್ನು ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದಿ. ಏನೂ ಕಳೆದುಹೋದ ಹಾಗೆ ಅನ್ನಿಸದಿದ್ದರೆ ತೆಗೆಯಿರಿ. ತೆಗೆದದ್ದನ್ನು ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ದೇವಸ್ಥಾನದ್ದು ಆಮೇಲೆ ಅವಳ ಇನ್ನೊಂದು ಪ್ಯಾರಾ ಆಯಿತು.

ವಾಕ್ಯ ವಾಕ್ಯಕ್ಕೂ 'ಆದರೆ', 'ಆದ್ದರಿಂದ', 'ಮತ್ತು' ಹಾಕಲೇಬೇಕೇ?

ಬೇಡ. ಹಿಂದಿನ ವಾಕ್ಯದಲ್ಲಿ ಬಂದದ್ದನ್ನು ಮುಂದಿನ ವಾಕ್ಯದ ಆರಂಭದಲ್ಲಿ ಹಿಡಿದುಕೊಂಡರೆ ಅರ್ಧ ಕೊಂಡಿ ತಾನಾಗಿ ಬೀಳುತ್ತದೆ. 'ಎಲೆ ಬಾಡತೊಡಗುತ್ತದೆ. ಆಗ ಒದ್ದೆ ಗೋಣಿಚೀಲ…' ಎಂಬಲ್ಲಿ 'ಆಗ' ಎಂಬ ಒಂದೇ ಪದ ಸಾಕಾಯಿತು. 'ಅದೇ ಸೊಪ್ಪು', 'ಉಳಿದ ಸೊಪ್ಪು' ಎಂಬವೂ ಕೊಂಡಿಗಳೇ.

ಕನ್ನಡದಲ್ಲಿ ಪದದ ಬಾಲಕ್ಕೆ ಅಂಟುವ ಚಿಕ್ಕ ಕೊಂಡಿಗಳೂ ಇವೆ. 'ಸಂಜೆಯೂ ಇರುತ್ತದೆ' ಎಂಬ 'ಊ', 'ಬೆಳಗ್ಗೆಯೇ ತಂದುಬಿಡುತ್ತಾಳೆ' ಎಂಬ 'ಏ', 'ಸೊಪ್ಪಿಗೆ ಮಾತ್ರ' ಎಂಬ 'ಮಾತ್ರ'. 'ಬೆಳಗ್ಗೆ ತರುತ್ತಾಳೆ' ಮತ್ತು 'ಬೆಳಗ್ಗೆಯೇ ತರುತ್ತಾಳೆ' ಎರಡನ್ನೂ ಗಟ್ಟಿಯಾಗಿ ಓದಿ ನೋಡಿ. ಎರಡನೆಯದರಲ್ಲಿ ಕಾಯುವ ಅಗತ್ಯವಿಲ್ಲ ಎಂಬ ಅರ್ಥ ಸೇರಿಕೊಂಡಿದೆ. ಮಾತಾಡುವಾಗ ಇವನ್ನು ಎಲ್ಲರೂ ಸರಿಯಾಗಿಯೇ ಬಳಸುತ್ತೇವೆ. ಬರೆಯುವಾಗ ಕೈಬಿಟ್ಟು, ಆ ಜಾಗಕ್ಕೆ 'ಆದ್ದರಿಂದ' ತಂದು ತುಂಬುತ್ತೇವೆ.

'ಆದ್ದರಿಂದ' ಬರೆದ ಕಡೆ ಒಂದು ಎಚ್ಚರ ಬೇಕು. ಹಿಂದಿನ ವಾಕ್ಯ ಮುಂದಿನದಕ್ಕೆ ನಿಜವಾಗಿ ಕಾರಣವೇ ಎಂದು ನೋಡಿ. 'ನನಗೆ ಸಂತೆ ಇಷ್ಟ. ಆದ್ದರಿಂದ ಎಲ್ಲರೂ ಸಂತೆಗೆ ಹೋಗಬೇಕು.' ನಿಮಗೆ ಇಷ್ಟವಾದರೆ ಎಲ್ಲರೂ ಯಾಕೆ ಹೋಗಬೇಕು? ಪದ ಕೊಂಡಿ ಹಾಕಿದೆ, ಅರ್ಥ ಕೂಡಿಲ್ಲ.

## ಕೊನೆಯ ಸಾಲು

ಕೊನೆಯಲ್ಲಿ ಯಾವಾಗಲೂ 'ಹೀಗೆ ನಮ್ಮೂರ ಸಂತೆ ಬಹಳ ಚೆನ್ನಾಗಿದೆ' ಎಂದೇ ಬರುತ್ತದೆ. ಬೇರೆ ಹೇಗೆ ಮುಗಿಸಬಹುದು?

ಶಾಲೆಯಲ್ಲಿ ಪ್ರಬಂಧಕ್ಕೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಕಲಿಸುತ್ತೇವೆ. ಮಕ್ಕಳು ಅದನ್ನೇ ಕುಗ್ಗಿಸಿ ಪ್ರತಿ ಪ್ಯಾರಾದ ಕೊನೆಗೂ ಒಂದು ಉಪಸಂಹಾರ ಇಡುತ್ತಾರೆ. ಎಂಟು ವಾಕ್ಯದ ಹಿಂದೆ ಓದಿದ್ದನ್ನು ಯಾರೂ ಮರೆತಿರುವುದಿಲ್ಲ, ಮತ್ತೆ ಹೇಳುವ ಅಗತ್ಯವಿಲ್ಲ.

ಕೊನೆಯ ಸಾಲಿಗೆ ಒಂದೇ ಕೆಲಸ. ಇಷ್ಟೆಲ್ಲ ಹೇಳಿದ್ದರಿಂದ ಏನಾಯಿತು ಎಂಬುದನ್ನು ತೋರಿಸಿ ಬಾಗಿಲು ಹಾಕುವುದು. ಅವಳ ಕೊನೆಯ ವಾಕ್ಯದಲ್ಲಿ ಹೊಸ ವಿಷಯವಿಲ್ಲ: ಈರುಳ್ಳಿ, ಸೊಪ್ಪು, ಬೆಳಗ್ಗೆ, ಸಂಜೆ ಎಲ್ಲವೂ ಹಿಂದೆಯೇ ಬಂದಿವೆ. ಆದರೆ ಅವೆಲ್ಲ ಒಟ್ಟಾಗಿ ಅವಳ ಮನೆಯಲ್ಲಿ ಏನು ಮಾಡುತ್ತವೆ ಎಂಬುದು ಅಲ್ಲಿಯವರೆಗೆ ಗೊತ್ತಿರಲಿಲ್ಲ. 'ಸಾಯಂಕಾಲ ಯಾಕೆ ಹೋಗ್ತೀಯಾ?' ಎಂದು ನಾನು ಕೇಳಿದ್ದೆನಲ್ಲ, ಅದರ ಉತ್ತರ ಅಲ್ಲಿ ಬಂದು ಕೂತಿದೆ.

ಕೊನೆಯ ಸಾಲು ತೋಚದಿದ್ದಾಗ 'ಅದಕ್ಕೇ…' ಎಂದು ಬರೆದು ಮುಂದುವರಿಸಿ ನೋಡಿ. ಇಲ್ಲವೇ 'ಈಗಲೂ…' ಎಂದು. ಒಂದು ವಾಕ್ಯ ಬಂದೇ ಬರುತ್ತದೆ. ಚೆನ್ನಾಗಿ ಬಂದ ಮೇಲೆ ಆ ಆರಂಭದ ಪದವನ್ನು ಬೇಕಾದರೆ ತೆಗೆಯಬಹುದು. 'ಎಲ್ಲರೂ… ಮಾಡಬೇಕು', 'ನಾವೆಲ್ಲರೂ… ಪಣ ತೊಡೋಣ' ಎಂಬ ಉಪದೇಶದ ಸಾಲು ಮಾತ್ರ ಬೇಡ. ಸೊಪ್ಪಿನ ಬೆಲೆ ಹೇಳಿದವರಿಗೆ ಉಪದೇಶದ ಹಕ್ಕು ಎಲ್ಲಿಂದ ಬಂತು ಎಂದು ಓದುವವರಿಗೆ ಅನ್ನಿಸುತ್ತದೆ.

ಎಲ್ಲ ಪ್ಯಾರಾಕ್ಕೂ ಮುಕ್ತಾಯದ ವಾಕ್ಯ ಬೇಕಾ?

ಒಂದೇ ಪ್ಯಾರಾ ಬರೆಯುತ್ತಿದ್ದರೆ ಬೇಕು. ನಾಲ್ಕೈದು ಪ್ಯಾರಾದ ಬರಹದಲ್ಲಿ ಪ್ರತಿಯೊಂದಕ್ಕೂ ಹಾಕಿದರೆ ಓದುವವರು ಪ್ರತಿ ಪ್ಯಾರಾದ ಕೊನೆಗೂ ಬರಹ ಮುಗಿಯಿತೆಂದುಕೊಳ್ಳುತ್ತಾರೆ. ಅಲ್ಲಿ ಕೊನೆಯ ವಿವರಕ್ಕೆ ನಿಲ್ಲಿಸಿ ಮುಂದಿನ ಪ್ಯಾರಾಕ್ಕೆ ಹೋದರೆ ಸಾಕು.

## ಸ್ವಲ್ಪ ಅಭ್ಯಾಸವಾದ ಮೇಲೆ

ನನ್ನ ಮೊದಲ ವಾಕ್ಯವೇ ನಾಲ್ಕು ಸಾಲು ಆಗುತ್ತದೆ. ಅದನ್ನು ಹೇಗೆ ಚಿಕ್ಕದು ಮಾಡಲಿ?

ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ವಾಕ್ಯ ಏನು ಹೇಳುತ್ತಿದೆ ಎಂಬುದು ತಿಳಿಯುವುದು ಅಲ್ಲಿಗೆ ತಲುಪಿದಾಗ. ಅದಕ್ಕೂ ಮೊದಲು ಎಷ್ಟು ಬೇಕಾದರೂ ಪೇರಿಸಲು ಕನ್ನಡ ಬಿಡುತ್ತದೆ, ಕಷ್ಟವಿರುವುದೂ ಅದರಲ್ಲೇ:

> ಪ್ರತಿ ಮಂಗಳವಾರ ಬಸ್ ನಿಲ್ದಾಣದ ಹಿಂದಿನ ಮೈದಾನದಲ್ಲಿ ಸುತ್ತಮುತ್ತಲ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬರುವ ರೈತರು ತಾವೇ ಬೆಳೆದ ಸೊಪ್ಪು ತರಕಾರಿಗಳನ್ನು ತಂದು ರಾಶಿ ಹಾಕಿ ಮಾರುವ ನಮ್ಮೂರ ಸಂತೆಯಲ್ಲಿ ಸೊಪ್ಪಿನ ಬೆಲೆ ಹೊತ್ತು ಇಳಿದಂತೆ ಇಳಿಯುತ್ತದೆ.

ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಓದುವವರು ಮೈದಾನ, ಬಸ್ಸು, ರೈತರು, ರಾಶಿ ಎಲ್ಲವನ್ನೂ ತಲೆಯ ಮೇಲೆ ಹೊತ್ತುಕೊಂಡು 'ಇಳಿಯುತ್ತದೆ' ಎಂಬಲ್ಲಿಯವರೆಗೆ ನಡೆಯಬೇಕು. ಮುಖ್ಯ ವಾಕ್ಯದಲ್ಲಿ ಕ್ರಿಯಾಪದಕ್ಕೂ ಮೊದಲು ಏಳೆಂಟು ಪದಗಳಿದ್ದರೆ ಸಾಕು. ಮೈದಾನ, ರೈತರು ಬೇಕೆನಿಸಿದರೆ ಅವಕ್ಕೆ ಎರಡನೇ ವಾಕ್ಯವಿದೆ.

ಇದೇ ಜಾತಿಯ ಇನ್ನೊಂದು ತೊಂದರೆ 'ಹೋಗಿ, ನೋಡಿ, ಕೇಳಿ, ತಂದು, ಕೊಟ್ಟು' ಎಂಬ ಸರಪಳಿ. ಬೆನ್ನುಬೆನ್ನಿಗೆ ನಡೆಯುವ ಎರಡು ಮೂರು ಕೆಲಸಕ್ಕೆ ಇದು ಚೆಂದ. 'ಹೊದಿಸಿ, ಚಿಮುಕಿಸಿ, ಕೊಡುತ್ತಾರೆ' ಎಂಬುದನ್ನು ನಾನು ತಿದ್ದಲಿಲ್ಲ. ನಾಲ್ಕು ದಾಟಿದರೆ ನಡುವೆ ಎಲ್ಲೋ ಕೆಲಸ ಮಾಡುವವರು ಬದಲಾಗಿರುತ್ತಾರೆ, ಬರೆದವರಿಗೆ ಗೊತ್ತಾಗಿರುವುದಿಲ್ಲ. 'ಬೆಲೆ ಕೇಳಿ, ಇಳಿಸಿ, ತೂಗಿ, ಚೀಲಕ್ಕೆ ಹಾಕಿ ತಂದೆ' ಎಂದು ಒಬ್ಬರು ಬರೆದಿದ್ದರು. ಕೇಳಿದವರು ಇವರು, ಇಳಿಸಿ ತೂಗಿದವರು ಅಂಗಡಿಯವರು. ಎರಡು ವಾಕ್ಯ ಮಾಡಿದರೆ ಸರಿಹೋಗುತ್ತದೆ.

ಎಲ್ಲಿ ಪ್ಯಾರಾ ಮುರಿದು ಹೊಸದು ಶುರು ಮಾಡಬೇಕು?

ವಿವರಗಳು ಬೇರೊಂದು ಪ್ರಶ್ನೆಗೆ ಉತ್ತರ ಕೊಡಲು ಶುರು ಮಾಡಿದ ಕಡೆ. ಆ ಹುಡುಗಿ ಬಸ್ಸಿನ ವಾಕ್ಯದ ನಂತರ ಒಮ್ಮೆ ಹೀಗೆ ಮುಂದುವರಿಸಿದ್ದಳು: ಆ ಬಸ್ಸು ಯಾವ ಊರಿನಿಂದ ಬರುತ್ತದೆ, ಖಾಲಿ ಬುಟ್ಟಿಗಳನ್ನು ಬಸ್ಸಿನ ಮೇಲೆ ಹೇಗೆ ಕಟ್ಟುತ್ತಾರೆ, ಸೊಪ್ಪು ಮಾರುವ ಅಜ್ಜಿಗೆ ಕಂಡಕ್ಟರ್ ಸೀಟು ಹಿಡಿದಿಡುತ್ತಾರೆ. ಒಳ್ಳೆಯ ವಿವರಗಳು. ಆದರೆ 'ಬೆಲೆ ಯಾಕೆ ಇಳಿಯುತ್ತದೆ' ಎಂಬ ಪ್ರಶ್ನೆ ಅಲ್ಲಿಗೆ ಮುಗಿದು, 'ಅವರು ಊರು ಸೇರುವುದು ಹೇಗೆ' ಎಂಬುದು ಶುರುವಾಗಿತ್ತು. ಅಲ್ಲಿ ಮುರಿದೆವು. ಆ ಎರಡನೇ ಪ್ಯಾರಾಕ್ಕೆ ಅವಳೇ ಮುಖ್ಯ ವಾಕ್ಯ ಕೊಟ್ಟಳು: 'ಮಂಗಳವಾರದ ಆರೂವರೆಯ ಬಸ್ಸು ಸಂತೆಯವರದೇ.'

ದೊಡ್ಡ ಲೇಖಕರು ಬರೆದದ್ದನ್ನು ಓದಿದರೆ ಮೊದಲ ಸಾಲಿನಲ್ಲಿ ಮುಖ್ಯ ವಾಕ್ಯ ಕಾಣುವುದೇ ಇಲ್ಲ. ಹಾಗಾದರೆ ನಮಗೆ ಯಾಕೆ ಈ ನಿಯಮ?

ನೀವು ಕಂಡದ್ದು ಸರಿ. ಪ್ಯಾರಾದ ಮೊದಲ ವಾಕ್ಯ ವಿಷಯವನ್ನು ಸೂಚಿಸಬೇಕು ಎಂಬ ನಿಯಮವನ್ನು ಸ್ಪಷ್ಟವಾಗಿ ಬರೆದಿಟ್ಟವರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಬೇನ್ ಒಬ್ಬರು. ಅದು 1866ರಲ್ಲಿ, ಇಂಗ್ಲಿಷ್ ಬರವಣಿಗೆ ಕಲಿಸಲು. ಅದು ಪಠ್ಯಪುಸ್ತಕಗಳಿಗೆ ಹಬ್ಬಿತು. ನೂರು ವರ್ಷ ಕಳೆದ ಮೇಲೆ, 1974ರಲ್ಲಿ, ರಿಚರ್ಡ್ ಬ್ರ್ಯಾಡಕ್ ಎಂಬ ಅಮೆರಿಕದ ಅಧ್ಯಾಪಕರು ಅಲ್ಲಿನ ಪತ್ರಿಕೆಗಳ 25 ಲೇಖನಗಳನ್ನು ಕೂತು ಪರಿಶೀಲಿಸಿದರು. ಮುಖ್ಯ ವಾಕ್ಯದಿಂದಲೇ ಶುರುವಾಗುವ ಪ್ಯಾರಾಗಳು ಅವರಿಗೆ ಸಿಕ್ಕಿದ್ದು ನೂರಕ್ಕೆ ಸುಮಾರು 13.

ಹಾಗಿದ್ದೂ ನಾನು ಕಲಿಯುವವರಿಗೆ ಮೊದಲ ಸಾಲಿನಲ್ಲೇ ಇಡಲು ಹೇಳುತ್ತೇನೆ. ಪಳಗಿದವರ ಪ್ಯಾರಾದಲ್ಲಿ ಮುಖ್ಯ ಮಾತು ನಡುವೆ ಇರಬಹುದು, ಕೊನೆಗೆ ಬರಬಹುದು, ಎಲ್ಲಿಯೂ ಬರೆಯದೆಯೇ ಇರಬಹುದು. ಆದರೆ ಓದಿ ಮುಗಿಸಿದ ಮೇಲೆ 'ಇದು ಏನು ಹೇಳಿತು?' ಎಂದು ಕೇಳಿದರೆ ನೀವು ಒಂದೇ ವಾಕ್ಯದಲ್ಲಿ ಉತ್ತರಿಸುತ್ತೀರಿ. ಆ ಮಾತು ಬರೆದವರ ತಲೆಯಲ್ಲಿ ಮೊದಲಿನಿಂದಲೂ ಇತ್ತು. ಕಲಿಯುವವರಿಗೆ ಅದು ತಲೆಯಲ್ಲಿ ನಿಲ್ಲುವುದಿಲ್ಲ, ನಾಲ್ಕನೇ ವಾಕ್ಯಕ್ಕೆ ಜಾರಿಹೋಗುತ್ತದೆ. ಕಣ್ಣೆದುರಿಗೆ ಬರೆದಿಟ್ಟುಕೊಂಡರೆ ಜಾರುವುದಿಲ್ಲ.

ಜಾಗ ಬದಲಿಸಿ ನೋಡುವ ಆಸೆಯಿದ್ದರೆ ಸಂತೆಯ ಪ್ಯಾರಾದಲ್ಲೇ ನೋಡಬಹುದು. ಮೊದಲ ವಾಕ್ಯವನ್ನು ಮುಚ್ಚಿ, 'ಬೆಳಗ್ಗೆ ಎಂಟಕ್ಕೆ' ಎಂಬಲ್ಲಿಂದ ಓದಿ. ಓದುವವರು ಬೆಲೆ ಇಳಿಯುವುದನ್ನು ತಾವೇ ಕಂಡುಕೊಳ್ಳುತ್ತಾರೆ, ಪ್ಯಾರಾ ಕಥೆಯ ಹಾಗೆ ಕೇಳಿಸುತ್ತದೆ. ಪತ್ರಿಕೆಗೆ ಬರೆಯುವಾಗ ನಾನು ಬಹುಶಃ ಹೀಗೆಯೇ ಬಿಡುತ್ತಿದ್ದೆ. ಪರೀಕ್ಷೆಯಲ್ಲಿ, ಅರ್ಜಿಯಲ್ಲಿ, ವರದಿಯಲ್ಲಿ ಮಾತ್ರ ಬಿಡಬಾರದು. ಅಲ್ಲಿ ಓದುವವರಿಗೆ ಕಂಡುಕೊಳ್ಳುವಷ್ಟು ಪುರುಸೊತ್ತಿರುವುದಿಲ್ಲ.

ಮಗಳು ಬರೆದದ್ದನ್ನು ಮನೆಯಲ್ಲಿ ನಾನೇ ತಿದ್ದುತ್ತೇನೆ. ಯಾವುದನ್ನು ಮೊದಲು ತಿದ್ದಲಿ?

ಕಾಗುಣಿತವನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಪಪ್ರಾಣ ಮಹಾಪ್ರಾಣಗಳಿಗೆ ಕೆಂಪು ಗೆರೆ ಎಳೆದ ಪುಟವನ್ನು ವಾಪಸು ಕೊಟ್ಟರೆ ಮಗು ಅಕ್ಷರಗಳನ್ನು ತಿದ್ದಿ ತರುತ್ತದೆ, ವಾಕ್ಯಗಳು ಇದ್ದಲ್ಲೇ ಇರುತ್ತವೆ. ಆಮೇಲೆ ದೇವಸ್ಥಾನದ ವಾಕ್ಯವನ್ನು ತೆಗೆಯಿರಿ ಎಂದರೆ, ಈಗಷ್ಟೇ ತಿದ್ದಿದ್ದನ್ನು ಹೊಡೆದು ಹಾಕಲು ಯಾವ ಮಗುವಿಗೂ ಮನಸ್ಸು ಬರುವುದಿಲ್ಲ.

ಮೊದಲ ಸಲ ಪೆನ್ನು ಹಿಡಿಯದೆ ಪೂರ್ತಿ ಓದಿ. 'ನೀನು ಹೇಳಿದ್ದು ಇದು ತಾನೇ?' ಎಂದು ಒಂದೇ ವಾಕ್ಯದಲ್ಲಿ ಅವಳಿಗೆ ಹೇಳಿ. ಅವಳು ಹೌದೆಂದರೆ ಆ ವಾಕ್ಯ ಪ್ಯಾರಾದಲ್ಲಿ ಇದೆಯೇ ಎಂದು ಇಬ್ಬರೂ ಹುಡುಕಿ. ಎಷ್ಟೋ ಸಲ ಅದು ಐದನೇ ವಾಕ್ಯವಾಗಿ ಅಡಗಿರುತ್ತದೆ, ಮೇಲಕ್ಕೆ ತಂದರೆ ಸಾಕು. ಎರಡನೇ ಸಲ ಅಂಚಿನಲ್ಲಿ ಪ್ರಶ್ನೆಗಳನ್ನು ಮಾತ್ರ ಬರೆಯಿರಿ: 'ಎಷ್ಟು?', 'ಯಾವುದು?', 'ಯಾಕೆ?' ಉತ್ತರವನ್ನು ನೀವು ಬರೆದುಕೊಡಬೇಡಿ. ನೀವು ಬರೆದರೆ ಆ ಸೊಪ್ಪಿನ ಮೇಲೆ ನಿಮ್ಮ ಗೋಣಿಚೀಲ ಬರುತ್ತದೆ, ಅವಳು ಕಂಡದ್ದು ಬರುವುದಿಲ್ಲ. ಮೂರನೇ ಸಲ ಅವಳ ಕೈಯಲ್ಲಿ ಗಟ್ಟಿಯಾಗಿ ಓದಿಸಿ, ತಡವರಿಸಿದ ಕಡೆ ವಾಕ್ಯ ಮುರಿಯಲು ಹೇಳಿ. ಕಾಗುಣಿತಕ್ಕೆ ಕೂರುವುದು ಇಷ್ಟಾದ ಮೇಲೆ.